ಬೇಸಿಗೆಯಲ್ಲೂ 'ರನ್' ಆಗುವ ನಾಲೆ

ಕೇಳುಗರಿಗೆ ನಮಸ್ಕಾರ. ಇಂಗ್ಲಿಷ್ ಪುಸ್ತಕ ಬಿಚ್ಚಿಟ್ಟುಕೊಂಡು ಕೂತಿರೋ ಮಕ್ಕಳು, ಪಕ್ಕದಲ್ಲೇ ಅವರೆಕಾಯಿ ಸುಲೀತಿರೋ ಅಮ್ಮಂದಿರು, ಎಲ್ಲರೂ ಕೇಳ್ತಿದ್ದೀರಿ ಅಂದ್ಕೊಂಡೇ ಮಾತಾಡ್ತೀನಿ. ಇವತ್ತಿನ ಪದ ಒಂದೇ, 'ರನ್'. ಆಕ್ಸ್‌ಫರ್ಡ್‌ನ ದೊಡ್ಡ ನಿಘಂಟಿನಲ್ಲಿ ಈ ಒಂದು ಕ್ರಿಯಾಪದಕ್ಕೆ 645 ಅರ್ಥಗಳನ್ನ ವಿಂಗಡಿಸಿದ್ರು. ಪೀಟರ್ ಗಿಲಿವರ್ ಅನ್ನೋ ಸಂಪಾದಕರಿಗೆ ಆ ಕೆಲಸಕ್ಕೆ ಒಂಬತ್ತು ತಿಂಗಳು ಹಿಡೀತು.

ಗಾಬರಿ ಬೇಡ. ನಾವು ಸುಣ್ಣ ಹೊಡೀತೀವಿ, ಗಾಡಿ ಹೊಡೀತೀವಿ, ಗೊರಕೆನೂ ಹೊಡೀತೀವಿ. 'ಹೊಡಿ'ಗೆ ಎಷ್ಟು ಅರ್ಥ ಅಂತ ಯಾರೂ ಪಟ್ಟಿ ಉರು ಹೊಡೆದಿಲ್ಲ. ನೋಡಿ, ಉರು ಕೂಡ ಹೊಡೀತೀವಿ! ಪಕ್ಕದ ಪದವೇ ಅರ್ಥ ಹೇಳಿಬಿಡುತ್ತೆ. ರನ್‌ಗೂ ಅಷ್ಟೇ. ಪಕ್ಕದ ಪದ ನೋಡಿ.

ನಮ್ಮ ವಿಶ್ವೇಶ್ವರಯ್ಯ ನಾಲೆಯನ್ನೇ ತಗೊಳ್ಳಿ. 'ವಾಟರ್ ಈಸ್ ರನ್ನಿಂಗ್ ಇನ್ ದಿ ಕೆನಾಲ್' ಅಂದ್ರೆ ನಾಲೇಲಿ ನೀರು ಹರೀತಿದೆ. 'ದಿ ಕೆನಾಲ್ ರನ್ಸ್ ಥ್ರೂ ಮಂಡ್ಯ ಡಿಸ್ಟ್ರಿಕ್ಟ್' ಅಂದ್ರೆ? ಇಲ್ಲಿ ಏನೂ ಹರೀತಿಲ್ಲ, ಓಡ್ತಿಲ್ಲ. ನಾಲೆ ಮಂಡ್ಯ ಜಿಲ್ಲೆಯಲ್ಲಿ ಹಾದುಹೋಗುತ್ತೆ, ಅಷ್ಟೇ. ಬೇಸಿಗೇಲಿ ನೀರು ನಿಲ್ಲಿಸಿ, ತಳದಲ್ಲಿ ಹುಡುಗರು ಕ್ರಿಕೆಟ್ ಆಡ್ತಿದ್ರೂ ಈ ಎರಡನೇ ವಾಕ್ಯ ನಿಜ. ಮೊದಲನೇದು ಸುಳ್ಳು. ಕದಲದೆ ಬಿದ್ದಿರೋದಕ್ಕೆ ರನ್ ಹೇಗೆ ಬಂತು? ಈ ತುದಿಯಿಂದ ಆ ತುದಿಗೆ ಓಡೋದು ನಾಲೆಯಲ್ಲ, ಅದನ್ನ ಹಿಂಬಾಲಿಸೋ ನಮ್ಮ ಕಣ್ಣು. ತಡೆಯಿಲ್ಲದೆ ಒಂದು ಜಾಡಿನಲ್ಲಿ ಸಾಗೋದು, ಅದೇ ರನ್‌ನ ಮೂಲ ಚಿತ್ರ. ಕಾಲು ಸಾಗಿದ್ರೆ ಓಟ, ನೀರು ಸಾಗಿದ್ರೆ ಹರಿವು, ಮಿಷನ್ನು ಸಾಗಿದ್ರೆ ಚಾಲೂ.

ನೀರಿನ ರನ್, ನಾಲೆಯ ರನ್, ಇವೆರಡನ್ನ ಬೇರೆ ಮಾಡೋಕೆ ಒಂದು ಪರೀಕ್ಷೆ ಇದೆ. 'ಈಸ್ ರನ್ನಿಂಗ್' ಹಾಕಿ ನೋಡಿ. ನೀರಿಗೆ ಸಲೀಸಾಗಿ ಕೂರುತ್ತೆ. 'ದಿ ಕೆನಾಲ್ ಈಸ್ ರನ್ನಿಂಗ್ ಥ್ರೂ ಮಂಡ್ಯ ಡಿಸ್ಟ್ರಿಕ್ಟ್' ಅಂದ್ರೆ ನಾಲೆಗೇ ಕಾಲು ಬಂದು ಊರು ಬಿಟ್ಟು ಹೊರಟ ಹಾಗಾಗುತ್ತೆ. ರಸ್ತೆ, ಬೇಲಿ, ಬೆಟ್ಟದ ಸಾಲು, ಎಲ್ಲಕ್ಕೂ ಇದೇ ಪರೀಕ್ಷೆ.

ನಾಲೆ ದಂಡೆಯಲ್ಲೇ ಹೊತ್ತು ಕಳೆದುಬಿಟ್ಟೆ, ಇನ್ನು ಬೇಗ ಹೇಳ್ತೀನಿ. ಈಗ ರನ್‌ನ ಬಲಗಡೆ ನೋಡಿ. 'ಹಿ ರ್‍ಯಾನ್ ಟು ದಿ ಹೋಟೆಲ್', ಹೋಟೆಲಿಗೆ ಓಡಿದ. 'ಹಿ ರ್‍ಯಾನ್ ದಿ ಹೋಟೆಲ್', ಹೋಟೆಲ್ ನಡೆಸಿದ. ನಡುವಿನ 'ಟು' ಹೋಯ್ತು, ಓಡುತ್ತಿದ್ದವನು ಯಜಮಾನನಾದ! ಎಷ್ಟೋ ಉತ್ತರಪತ್ರಿಕೆಗಳಲ್ಲಿ ಎರಡಕ್ಕೂ 'ಓಡಿದ' ಅಂತಲೇ ಇರುತ್ತೆ. ಆ 'ಟು' ಕಡೆ ಯಾರೂ ಕಣ್ಣು ಹಾಯಿಸಿರೋದೇ ಇಲ್ಲ.

ಅದಕ್ಕೇ ನೋಟ್‌ಬುಕ್ಕಿನಲ್ಲಿ 'ರನ್ ಅಂದರೆ ಓಡು' ಅಂತ ಬರೀಬೇಡಿ. ಜೊತೆಗಾರರ ಸಮೇತ ಬರೀರಿ: 'ರನ್ ಎ ಹೋಟೆಲ್, ನಡೆಸು'. 'ರನ್ ಔಟ್ ಆಫ್ ಶುಗರ್, ಸಕ್ಕರೆ ಮುಗಿದುಹೋಗು'. ಈ ಕೊನೇದರಲ್ಲಿ 'ರನ್ ಔಟ್ ಆಫ್' ಪೂರ್ತಿ ಒಂದೇ ಪದ ಅಂತ ತಿಳೀರಿ, ಬಿಡಿಸೋಕೆ ಹೋಗಬೇಡಿ. ಕ್ರಿಕೆಟ್ಟಿನ ರನ್ ಔಟ್ ಬೇರೆ, ಅದಕ್ಕೆ ಇವತ್ತು ಹೊತ್ತಿಲ್ಲ. ನಮಸ್ಕಾರ.