ಬಿಎಂಐ 23: ಏಷ್ಯನ್ನರ ತೂಕಕ್ಕೆ ಬೇರೆ ಗಡಿ ಏಕೆ?

ಕೇಳುಗರಿಗೆ ನಮಸ್ಕಾರ.

ನಲವತ್ತರ ಆಸುಪಾಸಿನ ಒಬ್ಬ ಗೃಹಸ್ಥರನ್ನು ಊಹಿಸಿಕೊಳ್ಳಿ. ಅವರ ಎತ್ತರ 165 ಸೆಂಟಿಮೀಟರ್, ತೂಕ 66 ಕಿಲೋ. ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದರೆ ಸುಮಾರು 24.2 ಬರುತ್ತದೆ. ಇದೇ ಅವರ ದೇಹ ದ್ರವ್ಯರಾಶಿ ಸೂಚ್ಯಂಕ, ವೈದ್ಯರ ಬಾಯಲ್ಲಿ ಬಿಎಂಐ. ವಿಶ್ವ ಆರೋಗ್ಯ ಸಂಸ್ಥೆಯ ಜಾಗತಿಕ ಪಟ್ಟಿಯಲ್ಲಿ ಅಧಿಕ ತೂಕ 25ರಿಂದ ಆರಂಭವಾಗುವುದರಿಂದ ಅಲ್ಲಿ ಇವರ ತೂಕ ಸರಿಯಾಗಿಯೇ ಇದೆ. ಆದರೆ ಭಾರತೀಯ ತಜ್ಞರು 2009ರಲ್ಲಿ ಪ್ರಕಟಿಸಿದ ಒಮ್ಮತದ ಮಾರ್ಗಸೂಚಿಯಲ್ಲಿ ಆ ಗಡಿ 23. ಅದರಂತೆ ಇವರದು ಅಧಿಕ ತೂಕ. ಒಂದೇ ದೇಹಕ್ಕೆ ಎರಡು ತೀರ್ಪು ಏಕೆ ಎಂಬುದನ್ನು ಇಂದು ನೋಡೋಣ.

ಬಿಎಂಐ ಕೊಬ್ಬನ್ನು ಅಳೆಯುವುದಿಲ್ಲ. ಎಲುಬು, ಮಾಂಸಖಂಡ, ಕೊಬ್ಬು, ನೀರು ಎಲ್ಲವನ್ನೂ ಸೇರಿಸಿ ಒಟ್ಟು ತೂಕವನ್ನಷ್ಟೇ ಅದು ನೋಡುತ್ತದೆ. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯಡ್ಕಿನ್ ಎಂಬ ಇಬ್ಬರು ಸಂಶೋಧಕರು 2004ರಲ್ಲಿ ಇದನ್ನು ತಮ್ಮ ದೇಹಗಳ ಮೂಲಕವೇ ತೋರಿಸಿಕೊಟ್ಟರು. ಇಬ್ಬರ ಬಿಎಂಐಯೂ 22.3. ಎಕ್ಸ್-ರೇ ಆಧಾರಿತ ಯಂತ್ರದಲ್ಲಿ ಅಳೆದಾಗ ಯಡ್ಕಿನ್ನರ ದೇಹದಲ್ಲಿದ್ದ ಕೊಬ್ಬು ಶೇಕಡಾ 9.1, ಯಾಜ್ಞಿಕರ ದೇಹದಲ್ಲಿದ್ದದ್ದು ಶೇಕಡಾ 21.2. ಇಬ್ಬರನ್ನಷ್ಟೇ ನೋಡಿ ನಿಯಮ ಕಟ್ಟಲಾಗದು ನಿಜ. ಆದರೆ ಏಷ್ಯಾದ ಹಲವು ಜನಸಮೂಹಗಳ ಅಧ್ಯಯನಗಳು ಸರಾಸರಿಯಲ್ಲಿ ಇದೇ ದಿಕ್ಕನ್ನು ತೋರಿಸಿವೆ.

ಕೊಬ್ಬು ಎಷ್ಟಿದೆ ಎಂಬುದಕ್ಕಿಂತ ಅದು ಎಲ್ಲಿ ಕೂತಿದೆ ಎಂಬುದು ಇನ್ನೂ ಮುಖ್ಯ. ತೊಡೆ, ಸೊಂಟಗಳ ಚರ್ಮದಡಿ ಸೇರುವ ಕೊಬ್ಬು ಹೆಚ್ಚು ಅಪಾಯಕಾರಿಯಲ್ಲ. ಹೊಟ್ಟೆಯೊಳಗಿನ ಅಂಗಗಳ ಸುತ್ತ ಮತ್ತು ಯಕೃತ್ತಿನಲ್ಲಿ ಸೇರುವ ಕೊಬ್ಬು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಯಾಗುತ್ತದೆ. ದಕ್ಷಿಣ ಏಷ್ಯಾದವರಲ್ಲಿ ತೂಕ ಸ್ವಲ್ಪ ಏರಿದರೂ ಕೊಬ್ಬು ಬೇಗ ಒಳಭಾಗಕ್ಕೆ ಸರಿಯುವ ಪ್ರವೃತ್ತಿ ಕಂಡುಬಂದಿದೆ. ಅದರ ಜೊತೆಗೆ, ರಕ್ತದ ಸಕ್ಕರೆಯನ್ನು ಹೀರಿಕೊಳ್ಳಬೇಕಾದ ಮಾಂಸಖಂಡವೂ ಕಡಿಮೆ. ಹೀಗಾಗಿ ಕನ್ನಡಿಯ ಮುಂದೆ ತೆಳ್ಳಗೆ ಕಾಣುವವರಲ್ಲೂ ಸಕ್ಕರೆ ಕಾಯಿಲೆ ಕಾಣಿಸಿಕೊಳ್ಳುತ್ತದೆ.

ಈ ಮೈಕಟ್ಟು ಹುಟ್ಟಿನಿಂದಲೇ ಬರುತ್ತದೆ ಎಂಬುದು ನನ್ನನ್ನು ಬಹಳ ಕಾಡಿದ ಸಂಗತಿ. ಪುಣೆಯ ಸುತ್ತಲಿನ ಹಳ್ಳಿಗಳ ನವಜಾತ ಶಿಶುಗಳ ಸರಾಸರಿ ತೂಕ ಸುಮಾರು 2.7 ಕಿಲೋ ಇದ್ದರೆ, ಇಂಗ್ಲೆಂಡಿನ ಸೌತಾಂಪ್ಟನ್ನಿನ ಶಿಶುಗಳದು ಸುಮಾರು 3.5 ಕಿಲೋ. ಪುಣೆಯ ಕೂಸುಗಳ ತೋಳು, ಹೊಟ್ಟೆ ಎಲ್ಲವೂ ಚಿಕ್ಕವು. ಆದರೆ ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಆ ಪ್ರಮಾಣದಲ್ಲಿ ಕುಗ್ಗಿರಲಿಲ್ಲ. ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳ ಅಧ್ಯಯನವೂ ಇದನ್ನೇ ಕಂಡಿತು. ನಾಲ್ಕನೆಯ ವಯಸ್ಸಿನಲ್ಲೂ ಆ ಲಕ್ಷಣ ಉಳಿದಿತ್ತು.

ಹಾಗಾದರೆ ಗಡಿಯನ್ನು 23ಕ್ಕೇ ಏಕೆ ಇಡಬೇಕು? 2002ರಲ್ಲಿ ಸಿಂಗಪುರದಲ್ಲಿ ಸೇರಿದ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಭೆ, ಅಪಾಯ ಏರತೊಡಗುವ ಬಿಂದು ಏಷ್ಯಾದ ಬೇರೆ ಬೇರೆ ಜನರಲ್ಲಿ 22ರಿಂದ 25ರವರೆಗೆ ಹರಡಿದೆ ಎಂದು ಗುರುತಿಸಿತು. ಎಲ್ಲ ಏಷ್ಯನ್ನರಿಗೂ ಒಪ್ಪುವ ಒಂದೇ ಸಂಖ್ಯೆ ಸಿಗಲಿಲ್ಲವಾದ್ದರಿಂದ ಅದು ಅಧಿಕ ತೂಕಕ್ಕೆ 25, ಬೊಜ್ಜಿಗೆ 30 ಎಂಬ ಜಾಗತಿಕ ಗಡಿಗಳನ್ನು ಉಳಿಸಿಕೊಂಡು, 23 ಮತ್ತು 27.5ನ್ನು ಎಚ್ಚರಿಕೆ ಕೈಗೊಳ್ಳಬೇಕಾದ ಹಂತಗಳೆಂದು ಸೇರಿಸಿತು. ಮುಂದಿನದನ್ನು ಆಯಾ ದೇಶಗಳಿಗೆ ಬಿಟ್ಟಿತು. ಚೀನಾ ಅಧಿಕ ತೂಕಕ್ಕೆ 24ನ್ನು ಆರಿಸಿಕೊಂಡಿತು; ಭಾರತೀಯ ಮಾರ್ಗಸೂಚಿ 23ನ್ನು ಅಧಿಕ ತೂಕಕ್ಕೂ 25ನ್ನು ಬೊಜ್ಜಿಗೂ ಇಟ್ಟಿತು. ಈ ಎಚ್ಚರಿಕೆ ಅತಿಯಾದದ್ದಲ್ಲ ಎಂದು ನಾನು ನಂಬಲು ಕಾರಣವಿದೆ. ಇಂಗ್ಲೆಂಡಿನ ಸುಮಾರು 14.7 ಲಕ್ಷ ಜನರ ವೈದ್ಯಕೀಯ ದಾಖಲೆಗಳನ್ನು ಆಧರಿಸಿ 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಿಎಂಐ 30 ಇರುವ ಬಿಳಿಯರಿಗೆ ಇರುವಷ್ಟೇ ಮಧುಮೇಹದ ಅಪಾಯ ದಕ್ಷಿಣ ಏಷ್ಯಾ ಮೂಲದವರಿಗೆ 23.9ರಲ್ಲೇ ಕಂಡುಬಂತು.

ಆದರೂ ಇವೆಲ್ಲ ಗುಂಪಿನ ಸರಾಸರಿಗಳು. ಮೂಟೆ ಹೊತ್ತು ಮಾಂಸಖಂಡ ಬೆಳೆಸಿಕೊಂಡ ಹಮಾಲಿಯ ಬಿಎಂಐ 24 ಇದ್ದರೆ ಅದು ಕೊಬ್ಬಿನಿಂದ ಬಂದದ್ದಲ್ಲದಿರಬಹುದು. 22 ಇದ್ದೂ ಹೊಟ್ಟೆ ಬಂದವರಿಗೆ ಅಪಾಯ ಇರಬಹುದು. ಆದ್ದರಿಂದ ವೈದ್ಯರು ಹೊಟ್ಟೆಯ ಸುತ್ತಳತೆಯನ್ನೂ ನೋಡುತ್ತಾರೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಉಸಿರು ಸಹಜವಾಗಿ ಬಿಟ್ಟ ಮೇಲೆ ಟೇಪು ಸುತ್ತಿ ಅಳೆಯಬೇಕು. ಭಾರತೀಯ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಗಡಿ.

ನಾವು ಊಹಿಸಿಕೊಂಡ ಗೃಹಸ್ಥರ ಸುತ್ತಳತೆ 94 ಇದೆ ಎನ್ನಿ. ಆಗ ಅವರ ರಕ್ತದ ಸಕ್ಕರೆ, ಕೊಬ್ಬಿನಂಶ ಮತ್ತು ರಕ್ತದೊತ್ತಡವನ್ನು ಪರೀಕ್ಷಿಸಲು ತಡಮಾಡಬಾರದು. ಸುತ್ತಳತೆ 80 ಇದ್ದರೂ 24.2 ಎಂಬ ಬಿಎಂಐಯನ್ನು ವೈದ್ಯರಿಗೆ ತಿಳಿಸಿ, ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದೆಯೇ ಎಂಬುದನ್ನೂ ಹೇಳಿ, ಪರೀಕ್ಷೆ ಯಾವಾಗ ಬೇಕೆಂದು ಕೇಳುವುದು ಸರಿ. 23ರ ಕೆಳಗೆ ಬರಲು ಅವರು ಇಳಿಸಬೇಕಾದ ತೂಕ ಸುಮಾರು ಮೂರೂವರೆ ಕಿಲೋ.

ನಮಸ್ಕಾರ.