ಪೊರೆಯಣ್ಣನ ಕಾವಲು

ಕೇಳುಗರಿಗೆ ನಮಸ್ಕಾರ. ಎಂಟನೇ ತರಗತಿ ಮಕ್ಕಳೇ, ಇವತ್ತಿನ ಮಾತು ನಿಮಗೇ. ಕೋಶಪೊರೆ ಎಂದರೇನು ಅಂತ ಕೇಳಿದರೆ "ಕೋಶವನ್ನು ಆವರಿಸಿರುವ ತೆಳುವಾದ ಹೊದಿಕೆ" ಎಂದು ಥಟ್ಟನೆ ಬರೆದುಬಿಡುತ್ತೀರಿ. ಅಂಕವೂ ಸಿಗುತ್ತದೆ. ಆದರೆ ಆ ಹೊದಿಕೆ ಅಲ್ಲಿ ಏನು ಕೆಲಸ ಮಾಡುತ್ತದೆ? ಅದನ್ನು ಹೇಳೋದಕ್ಕೇ ನಾನೊಂದು ಪುಟ್ಟ ಪದ್ಯ ಕಟ್ಟಿದ್ದೇನೆ. ಕೇಳಿ.

ಕೋಶದ ಮನೆಗೆ ಕಾವಲುಗಾರ
ತೆಳ್ಳಗೆ ಎಣ್ಣೆಯ ಪೊರೆಯಣ್ಣ
ಯಾರಿಗೆ ಒಳಗೆ, ಯಾರಿಗೆ ಹೊರಗೆ
ಆರಿಸಿ ಬಿಡುವನು ನೋಡಣ್ಣ

ಆಮ್ಲಜನಕವೆ, ತಡೆಯೇ ಇಲ್ಲ,
ನೇರ ನುಗ್ಗುತ ಬಾ ಒಳಗೆ
ಸಕ್ಕರೆ ರಾಯ, ಆ ಕಡೆ ನಿಲ್ಲು,
ಬೇರೆಯೆ ಬಾಗಿಲು ಇದೆ ನಿನಗೆ

ಸೋಡಿಯಮ್ಮೇ, ಸಾಕಿನ್ನು ನಡೆ,
ಮೂವರು ಹೊರಗೆ ಒಟ್ಟಾಗಿ
ಪೊಟ್ಯಾಸಿಯಮ್ಮೇ, ಇಬ್ಬರು ಬನ್ನಿ,
ಶಕ್ತಿಯು ಬೇಕು ಇದಕಾಗಿ

ಇಡೀ ಪದ್ಯದಲ್ಲಿ ಒಂದು ಮಾತು ನೆನಪಿಟ್ಟರೆ ಸಾಕು: ಆರಿಸಿ ಬಿಡುವನು. ಪೊರೆಯ ಕೆಲಸವೇ ಆರಿಸೋದು.

ಇದನ್ನು ಕಣ್ಣಾರೆ ನೋಡಬೇಕಾ? ಒಂದು ಬೀಟ್‌ರೂಟ್ ತನ್ನಿ. ನಾನು ತರಗತಿಯಲ್ಲಿ ಯಾವಾಗಲೂ ಮಾಡಿಸುವುದು ಇದನ್ನೇ. ಸಿಪ್ಪೆ ತೆಗೆದು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ. ಚಾಕು ತಾಗಿದ ಕಡೆ ಕೋಶಗಳು ಒಡೆದಿರುತ್ತವೆ, ಅಲ್ಲಿಂದ ಬಣ್ಣ ಸೋರುತ್ತದೆ. ಅದಕ್ಕೇ ತೊಳೆದ ನೀರು ತಿಳಿಯಾಗುವವರೆಗೆ ತೊಳೀಬೇಕು. ಮಕ್ಕಳು ಅವಸರ ಮಾಡೋದು ಇಲ್ಲೇ. ಅರ್ಧಂಬರ್ಧ ತೊಳೆದು, "ಸರ್, ತಣ್ಣೀರೂ ಕೆಂಪಾಯ್ತು" ಅಂತ ಬರುತ್ತಾರೆ. ವಾಪಸ್ ಹೋಗಿ ತೊಳೀರಿ ಅನ್ನುತ್ತೇನೆ!

ಈಗ ಒಂದು ಬಿಲ್ಲೆ ತಣ್ಣೀರಿನ ಲೋಟಕ್ಕೆ, ಇನ್ನೊಂದು ಚೆನ್ನಾಗಿ ಕಾದ ನೀರಿನ ಲೋಟಕ್ಕೆ. ಬಿಸಿನೀರನ್ನು ದೊಡ್ಡವರೇ ಹಾಕಲಿ. ಹತ್ತು ನಿಮಿಷ ಕಾಯಿರಿ. ತಣ್ಣೀರು ಹೆಚ್ಚುಕಡಿಮೆ ಹಾಗೇ ಇರುತ್ತದೆ. ಬಿಸಿನೀರಿನ ಲೋಟದಲ್ಲಿ ಬಿಲ್ಲೆಯ ಅಂಚಿನಿಂದ ಕೆಂಪು ಎಳೆಗಳು ಇಳಿಯುತ್ತವೆ, ಆಮೇಲೆ ಲೋಟವೆಲ್ಲ ಕೆಂಪು. ಬೀಟ್‌ರೂಟ್ ತನ್ನ ಬಣ್ಣವನ್ನು ಕೋಶದೊಳಗಿನ ರಸದಾನಿಯಲ್ಲಿ ಇಟ್ಟುಕೊಂಡಿರುತ್ತದೆ. ರಸದಾನಿಗೂ ಒಂದು ಪೊರೆ, ಕೋಶಕ್ಕೂ ಒಂದು ಪೊರೆ. ಎರಡೂ ಚೆನ್ನಾಗಿರುವವರೆಗೆ ಬಣ್ಣ ಹೊರಗೆ ಬರುವಂತಿಲ್ಲ. ಸುಮಾರು 60 ಡಿಗ್ರಿ ದಾಟಿತೋ, ಪೊರೆಯ ಕೊಬ್ಬಿನ ಪದರ ಸಡಿಲವಾಗಿ, ಅದರಲ್ಲಿರುವ ಪ್ರೋಟೀನುಗಳ ಆಕಾರವೇ ಕೆಟ್ಟುಹೋಗುತ್ತದೆ.

ಒಮ್ಮೆ ಒಬ್ಬ ಹುಡುಗಿ ಕೇಳಿದಳು, "ಸರ್, ತಣ್ಣಗಾದ ಮೇಲೆ ಕಾವಲುಗಾರ ಮತ್ತೆ ಕಾವಲಿಗೆ ಬರ್ತಾನಾ?" ಎಂಥ ಒಳ್ಳೆ ಪ್ರಶ್ನೆ! ಉತ್ತರ ನಾನು ಹೇಳಲಿಲ್ಲ. ನೀನೇ ಮಾಡಿ ನೋಡು ಅಂದೆ. ಬಿಸಿನೀರಿನ ಬಿಲ್ಲೆಯನ್ನು ತೆಗೆದು ಹೊಸ ತಣ್ಣೀರಿಗೆ ಹಾಕಿದಳು. ಅದೂ ಕೆಂಪಾಯಿತು. ತಣ್ಣೀರೇ, ಆದರೂ ಕೆಂಪು. ಅಂದರೆ ಒಮ್ಮೆ ಹಾಳಾದ ಪೊರೆ ತಣ್ಣಗಾದ ಮಾತ್ರಕ್ಕೆ ಸರಿಹೋಗಲಿಲ್ಲ. ಬಣ್ಣ ಅದೇ, ಬಿಲ್ಲೆ ಅದೇ. ಆರಿಸುವವನು ಮಾತ್ರ ಇಲ್ಲ.

ಬೀಟ್‌ರೂಟ್ ಕಥೆಗೇ ಸಮಯ ಹೋಯಿತು. ಪದ್ಯದ ಉಳಿದ ಸಾಲುಗಳನ್ನು ಬೇಗ ಹೇಳಿಬಿಡುತ್ತೇನೆ. "ಎಣ್ಣೆಯ ಪೊರೆ" ಅಂದೆನಲ್ಲ, ಅದು ಎರಡು ಸಾಲು ಕೊಬ್ಬಿನ ಕಣಗಳು. ದಪ್ಪ 7ರಿಂದ 8 ನ್ಯಾನೊಮೀಟರ್. ಇಂಥ ಲಕ್ಷಕ್ಕೂ ಹೆಚ್ಚು ಪೊರೆ ಪೇರಿಸಿದರೆ ಒಂದು ಮಿಲಿಮೀಟರ್! ಆಮ್ಲಜನಕ ಚಿಕ್ಕದು, ಕೊಬ್ಬಿನ ನಡುವೆ ಸುಲಭವಾಗಿ ನುಸುಳುತ್ತದೆ. ಸಕ್ಕರೆ, ಅಂದರೆ ಗ್ಲೂಕೋಸ್, ನೀರಿಗೆ ಒಗ್ಗಿದ್ದು, ಕೊಬ್ಬಿಗೆ ಒಗ್ಗದು. ಅದಕ್ಕೆ ಪ್ರೋಟೀನಿನ ಬಾಗಿಲೇ ಬೇಕು. ಇನ್ನು ಮೂರು ಸೋಡಿಯಂ ಹೊರಗೆ, ಎರಡು ಪೊಟ್ಯಾಸಿಯಂ ಒಳಗೆ. ಇದನ್ನು ಮಾಡುವ ಪ್ರೋಟೀನಿಗೆ ಪಂಪು ಅಂತಲೇ ಹೆಸರು. ಪ್ರತಿ ಸಲಕ್ಕೂ ಒಂದು ಎಟಿಪಿ, ಅಂದರೆ ಕೋಶಕ್ಕೆ ಶಕ್ತಿ ಒದಗಿಸುವ ಒಂದು ಕಣ, ಖರ್ಚು. ಆ ಶಕ್ತಿ ನಿಮ್ಮ ಊಟದಿಂದಲೇ ಬರಬೇಕು.

ಮಕ್ಕಳು ಈ ಪದ್ಯಕ್ಕೆ "ವಿಷ ಬಂದರೆ ಓಡಿಸುವ" ಅಂತ ಸಾಲು ಸೇರಿಸುತ್ತಾರೆ. ದಯವಿಟ್ಟು ಸೇರಿಸಬೇಡಿ. ನಮ್ಮ ಪೊರೆಯಣ್ಣನಿಗೆ ಕಣ್ಣಿಲ್ಲ, ಒಳ್ಳೆಯದು ಕೆಟ್ಟದ್ದು ಗೊತ್ತಾಗುವುದಿಲ್ಲ. ಗಾತ್ರ, ವಿದ್ಯುದಾವೇಶ, ಕೊಬ್ಬಿನಲ್ಲಿ ಕರಗುತ್ತದೋ ಇಲ್ಲವೋ, ಪ್ರೋಟೀನಿನ ಬಾಗಿಲಿಗೆ ಹೊಂದುತ್ತದೋ ಇಲ್ಲವೋ, ಇವುಗಳ ಮೇಲೇ ಆರಿಸುತ್ತಾನೆ. ಮದ್ಯಸಾರ ಸಲೀಸಾಗಿ ಒಳಗೆ ಹೋಗುತ್ತದೆ. ಕಾರ್ಬನ್ ಮಾನಾಕ್ಸೈಡ್ ಕೂಡ ಹೋಗುತ್ತದೆ.

ನೀರಿಗೆ ಪದ್ಯದಲ್ಲಿ ಜಾಗ ಕೊಟ್ಟಿಲ್ಲ, ಬೇಕಂತಲೇ. ನೀರು ಹಾದುಹೋಗಲು ಪೊರೆಯಲ್ಲಿ ಅದರದ್ದೇ ದಾರಿಗಳಿವೆ. ಅವನ್ನು ಕಂಡುಹಿಡಿದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ನೊಬೆಲ್ ಬಂತು. ಮನೆಯಲ್ಲಿ ಹಾಗಲಕಾಯಿಗೆ ಉಪ್ಪು ಹಚ್ಚಿಟ್ಟರೆ ನೀರು ಬಿಡುತ್ತದಲ್ವಾ? ಉಪ್ಪಿಗೆ ಸುಲಭವಾಗಿ ಒಳಗೆ ಬರಲಾಗದು, ಒಳಗಿನ ನೀರು ಮಾತ್ರ ಉಪ್ಪಿರುವ ಕಡೆಗೆ ಹೊರಟುಬಿಡುತ್ತದೆ. ನಾಲ್ಕನೇ ಚರಣ ಇದರ ಮೇಲೆ, ನೀವೇ ಬರೆಯಿರಿ. ಬರೆದು ನಿಮ್ಮ ವಿಜ್ಞಾನದ ಮೇಷ್ಟ್ರಿಗೆ ತೋರಿಸಿ. ನಮಸ್ಕಾರ.