‘ಬರೆದಾಯಿತು’ ಅಂದ ಡಿಸ್ಕ್, ಬರೆಯದೇ ಉಳಿದ ಬ್ಲಾಕ್

ಡಿಸ್ಕ್ ಸತ್ತುಹೋದರೆ ನನಗೆ ಅಷ್ಟೇನೂ ಭಯವಿಲ್ಲ. ಸತ್ತಿದೆ ಅಂತ ತಕ್ಷಣ ಗೊತ್ತಾಗುತ್ತೆ. ಬ್ಯಾಕಪ್ ತೆಗೀತೀವಿ, ಹೊಸ ಡಿಸ್ಕ್ ಹಾಕ್ತೀವಿ, ಕೆಲಸ ಮುಂದುವರಿಯುತ್ತೆ. ನನಗೆ ಭಯ ಇರೋದು ಚೆನ್ನಾಗಿ ಓಡ್ತಾ ಇರೋ ಡಿಸ್ಕ್ ಬಗ್ಗೆ. ಓದು ಅಂದಾಗ ತಪ್ಪು ಡೇಟಾ ಕೈಗಿಟ್ಟು, ‘ಇದೇ ನೀನು ಕೊಟ್ಟಿದ್ದು’ ಅನ್ನುವ ಡಿಸ್ಕ್ ಬಗ್ಗೆ. ಅದು ದೋಷ ಅಂತ ಹೇಳೋದಿಲ್ಲ, ಲಾಗ್‌ನಲ್ಲಿ ಒಂದು ಸಾಲೂ ಇರೋದಿಲ್ಲ. ಆ ತಪ್ಪು ಡೇಟಾ ನಮ್ಮ ಬ್ಯಾಕಪ್‌ಗೂ ಹೋಗುತ್ತೆ. ಹಳೆಯ ಬ್ಯಾಕಪ್‌ಗಳು ಒಂದೊಂದಾಗಿ ಅಳಿಸಿಹೋದ ಮೇಲೆ, ಸರಿಯಾದ ಪ್ರತಿ ಎಲ್ಲೂ ಉಳಿದಿರೋದಿಲ್ಲ.

ಮೊದಲು ಒಂದು ಗೊಂದಲ ಬಿಡಿಸೋಣ. ಡಿಸ್ಕ್‌ಗೆ ತನ್ನದೇ ಆದ ತಪಾಸಣೆ ಇದ್ದೇ ಇದೆ. ಈಗಿನ ಡಿಸ್ಕ್‌ಗಳಲ್ಲಿ ಸಾಮಾನ್ಯವಾಗಿ 4096 ಬೈಟ್‌ನ ಒಂದೊಂದು ಸೆಕ್ಟರ್ ಜೊತೆಗೂ ದೋಷ ತಿದ್ದುವ ಸಂಕೇತ ಬರೆದಿರುತ್ತೆ. ಕೆಲವು ಬಿಟ್ ಹಾಳಾದರೆ ಡಿಸ್ಕ್ ತಾನೇ ತಿದ್ದಿಕೊಳ್ಳುತ್ತೆ. ತಿದ್ದಲಾಗದಿದ್ದರೆ ‘ಓದಲಾಗಲಿಲ್ಲ’ ಅಂತ ಒಪ್ಪಿಕೊಳ್ಳುತ್ತೆ. ಇದು ಸದ್ದು ಮಾಡುವ ದೋಷ. ಹಾಗಾಗಿ ‘ಕಾಂತೀಯ ಮೇಲ್ಮೈಯಲ್ಲಿ ಒಂದು ಬಿಟ್ ತಿರುಗಿತು, ಅದಕ್ಕೇ ಫೈಲ್ ಸದ್ದಿಲ್ಲದೆ ಕೆಟ್ಟಿತು’ ಅನ್ನೋ ವಿವರಣೆ ಹೆಚ್ಚಿನ ಸಲ ಸರಿಯಲ್ಲ. ಸದ್ದಿಲ್ಲದ ದೋಷ ಹುಟ್ಟೋದು ಸಾಮಾನ್ಯವಾಗಿ ಬೇರೆ ಕಡೆ: ಡಿಸ್ಕ್‌ನ ಫರ್ಮ್‌ವೇರ್, ಕಂಟ್ರೋಲರ್, ಡ್ರೈವರ್, ರ್‍ಯಾಮ್. ಅಂದರೆ ಸೆಕ್ಟರ್‌ನ ಒಳಗಿನ ಕಾವಲುಗಾರನಿಗೆ ಕಾಣದ ಜಾಗಗಳಲ್ಲಿ.

ಇವುಗಳಲ್ಲಿ ನಾನು ಇವತ್ತು ಒಂದನ್ನೇ ಹಿಡಿದು ಮಾತಾಡ್ತೀನಿ: ಕಳೆದುಹೋದ ಬರಹ. ಫೈಲ್ ಸಿಸ್ಟಮ್ ‘ಈ ಬ್ಲಾಕ್ ಬರಿ’ ಅನ್ನುತ್ತೆ, ಡಿಸ್ಕ್ ‘ಬರೆದಾಯಿತು’ ಅನ್ನುತ್ತೆ, ಆದರೆ ಬರೆದಿರೋದೇ ಇಲ್ಲ. ಇದನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ ಇದೆ. ಚೆಕ್‌ಸಮ್, ಅಂದರೆ ಡೇಟಾ ಬದಲಾಗಿದೆಯಾ ಅಂತ ತಾಳೆ ನೋಡೋಕೆ ಆ ಡೇಟಾದಿಂದಲೇ ಲೆಕ್ಕ ಹಾಕಿಟ್ಟ ಸಂಖ್ಯೆ, ಇದ್ದರೆ ಸಾಕು ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ನನ್ನ ಪ್ರಕಾರ ಚೆಕ್‌ಸಮ್ ಇದೆಯೋ ಇಲ್ಲವೋ ಅನ್ನೋದಕ್ಕಿಂತ ಅದನ್ನು ಎಲ್ಲಿ ಇಟ್ಟಿದ್ದಾರೆ ಅನ್ನೋದು ದೊಡ್ಡ ಪ್ರಶ್ನೆ. ಅದನ್ನು ಈ ಪ್ರಕರಣದಷ್ಟು ಸ್ಪಷ್ಟವಾಗಿ ಬೇರೆ ಯಾವುದೂ ತೋರಿಸಲ್ಲ.

ಒಂದು ಲೆಕ್ಕದ ಫೈಲ್ ಇದೆ ಅಂತಿಟ್ಟುಕೊಳ್ಳಿ. ಅದರ ಒಂದು ಬ್ಲಾಕ್ ಡಿಸ್ಕ್‌ನ 5000ನೇ ಜಾಗದಲ್ಲಿದೆ, ಒಳಗೆ ‘ಬಾಕಿ 700’ ಅಂತಿದೆ. ನೀವು ಅದನ್ನು 900 ಮಾಡಿ ಉಳಿಸಿದಿರಿ. ಬರಹ ಕಳೆದುಹೋಯಿತು. ನಾಳೆ ಓದಿದರೆ 700 ಬರುತ್ತೆ. ಸೆಕ್ಟರ್‌ನ ದೋಷ ತಿದ್ದುವ ಸಂಕೇತ ನೋಡಿದರೆ ಸರಿಯಾಗಿದೆ, ಯಾಕಂದರೆ ಅದು 700ರ ಜೊತೆಯಲ್ಲೇ ಬರೆದ ಸಂಕೇತ. ಇರಲಿ, ಬ್ಲಾಕ್ ಒಳಗೇ ಒಂದು ಚೆಕ್‌ಸಮ್ ಇಟ್ಟಿದ್ದರೆ? ಆ ಚೆಕ್‌ಸಮ್ ಕೂಡ ಹಳೆಯದೇ, 700ಕ್ಕೆ ಸರಿಯಾಗಿ ಹೊಂದುತ್ತೆ. ಹಳೆಯ ಡೇಟಾ, ಹಳೆಯ ಚೆಕ್‌ಸಮ್, ಎರಡೂ ಒಂದಕ್ಕೊಂದು ಸಾಕ್ಷಿ ಹೇಳ್ತವೆ. ಡೇಟಾ ಜೊತೆಯಲ್ಲೇ ಅದರ ಚೆಕ್‌ಸಮ್ ಇಡೋದು, ಆರೋಪಿಯನ್ನೇ ಸಾಕ್ಷಿ ಕಟ್ಟೆಗೆ ಹತ್ತಿಸಿದ ಹಾಗೆ.

ಲಿನಕ್ಸ್‌ನಲ್ಲಿ ಬಳಸುವ ಫೈಲ್ ಸಿಸ್ಟಮ್ ಎಕ್ಸ್ಟ್4 ತನ್ನ ಮೆಟಾಡೇಟಾಗೆ, ಅಂದರೆ ಫೈಲ್‌ಗಳ ಬಗೆಗಿನ ಮಾಹಿತಿಗೆ, ಚೆಕ್‌ಸಮ್ ಇಡುತ್ತೆ, ನಿಮ್ಮ ಫೈಲ್‌ನ ಡೇಟಾಗೆ ಇಡೋದಿಲ್ಲ. ಇದು ತಿಳಿದವರು ಕೂಡ ಮರೆಯೋ ವಿಷಯ.

ಒಂದೇ ಡೇಟಾವನ್ನು ಎರಡು ಡಿಸ್ಕ್‌ಗಳಲ್ಲೂ ಇಡುವ ಮಿರರ್ ರೇಡ್ ಇದೆಯಲ್ಲ ಅಂತೀರಾ? ಸಾಮಾನ್ಯ ಮಿರರ್‌ನಲ್ಲಿ ಓದುವಾಗ ಎರಡೂ ಡಿಸ್ಕ್ ಹೋಲಿಸಿ ನೋಡೋದಿಲ್ಲ, ಒಂದರಿಂದ ಓದಿ ಕೊಟ್ಟುಬಿಡುತ್ತೆ. ಹೋಲಿಸು ಅಂತ ನೀವೇ ಹೇಳಿದರೂ, ಒಂದರಲ್ಲಿ 700 ಇನ್ನೊಂದರಲ್ಲಿ 900 ಇದ್ದರೆ ಯಾವುದು ನಿಜ ಅಂತ ತೀರ್ಮಾನಿಸೋಕೆ ಅದರ ಹತ್ತಿರ ಆಧಾರವೇ ಇಲ್ಲ. ಲಿನಕ್ಸ್‌ನ ಸಾಫ್ಟ್‌ವೇರ್ ರೇಡ್‌ಗೆ ‘ರಿಪೇರಿ ಮಾಡು’ ಅಂದರೆ ಒಂದು ಪ್ರತಿಯನ್ನು ಹಿಡಿದು ಇನ್ನೊಂದರ ಮೇಲೆ ಬರೆದುಬಿಡುತ್ತೆ. ಸರಿಯಾದ ಪ್ರತಿಯೇ ಅಳಿಸಿಹೋಗಬಹುದು. ಇದನ್ನು ರಿಪೇರಿ ಅಂತ ಕರೆಯೋಕೆ ನನ್ನ ಮನಸ್ಸು ಒಪ್ಪಲ್ಲ.

ಈಗ ಇದೇ ಕಥೆಯನ್ನು ಝಡ್‌ಎಫ್‌ಎಸ್‌ನಲ್ಲಿ ನೋಡಿ. ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿ ಜೆಫ್ ಬಾನ್ವಿಕ್, ಮ್ಯಾಥ್ಯೂ ಆರೆನ್ಸ್ ಮತ್ತವರ ತಂಡ 2001ರಲ್ಲಿ ಕೆಲಸ ಶುರುಮಾಡಿ, 2005ರಲ್ಲಿ ಓಪನ್‌ಸೊಲಾರಿಸ್ ಮೂಲಕ ಹೊರಗೆ ತಂದ ಫೈಲ್ ಸಿಸ್ಟಮ್ ಅದು. ಅದು ಹಳೆಯ ಬ್ಲಾಕ್ ಮೇಲೆ ಬರೆಯೋದೇ ಇಲ್ಲ. ‘ಬಾಕಿ 900’ ಅನ್ನೋದನ್ನ ಖಾಲಿ ಇರುವ ಹೊಸ ಜಾಗಕ್ಕೆ, 9000ಕ್ಕೆ ಅನ್ನಿ, ಬರೆಯುತ್ತೆ. ಆಮೇಲೆ ಅದರ ಮೇಲಿನ ಪೋಷಕ ಬ್ಲಾಕ್‌ನಲ್ಲಿ ಎರಡು ವಿಷಯ ಒಟ್ಟಿಗೆ ದಾಖಲಾಗುತ್ತೆ: ಡೇಟಾ 9000ರಲ್ಲಿದೆ, ಅದರ ಚೆಕ್‌ಸಮ್ ಇಷ್ಟು. ವಿಳಾಸ ಬರೆದ ಚೀಟಿಯಲ್ಲೇ ಮನೆಯವರ ಗುರುತೂ ಬರೆದಿರುತ್ತೆ ಅಂತ ಇಟ್ಟುಕೊಳ್ಳಿ. 9000ಕ್ಕೆ ಬರೆದದ್ದು ಕಳೆದುಹೋದರೆ ಅಲ್ಲಿ ಯಾವತ್ತೋ ಅಳಿಸಿದ ಫೋಟೋದ ಚೂರು ಇರಬಹುದು. ಡಿಸ್ಕ್ ಅದನ್ನೇ ಓದಿ, ‘ಸರಿಯಾಗಿದೆ’ ಅಂತ ಕೊಡುತ್ತೆ. ಝಡ್‌ಎಫ್‌ಎಸ್ ಚೆಕ್‌ಸಮ್ ಲೆಕ್ಕ ಹಾಕಿ ಚೀಟಿಯ ಜೊತೆ ಹೋಲಿಸುತ್ತೆ. ತಾಳೆ ಆಗಲ್ಲ. ಸಿಕ್ಕಿಬಿತ್ತು.

ಆ ಪೋಷಕ ಬ್ಲಾಕೇ ಕಳೆದುಹೋದರೆ? ಅದರ ಚೆಕ್‌ಸಮ್ ಅದರ ಪೋಷಕನಲ್ಲಿದೆ, ಅದರದ್ದು ಇನ್ನೂ ಮೇಲಿನದ್ದರಲ್ಲಿ. ಹೀಗೆ ಒಂದೇ ಬೇರಿನವರೆಗೆ ಸರಪಳಿ ಹೋಗುತ್ತೆ. ಆ ಬೇರಿನ ಹೆಸರು ಉಬರ್‌ಬ್ಲಾಕ್. ಅದಕ್ಕೆ ಮೇಲೆ ಯಾರೂ ಇಲ್ಲದ್ದರಿಂದ ಅದು ಮಾತ್ರ ತನ್ನ ಚೆಕ್‌ಸಮ್ಮನ್ನು ತನ್ನೊಳಗೇ ಇಟ್ಟುಕೊಳ್ಳುತ್ತೆ, ಅದಕ್ಕೇ ಅದನ್ನು ಡಿಸ್ಕ್‌ನ ಆರಂಭ ಮತ್ತು ಕೊನೆ ಎರಡೂ ಕಡೆ ಇಡ್ತಾರೆ.

ಚೆಕ್‌ಸಮ್ ಅಂದರೆ ಬರೀ ಕೂಡಿಸೋದಾ? ಅಲ್ಲ. 3, 5, 2 ಕೂಡಿಸಿದರೆ 10. ಅದಲು ಬದಲಾಗಿ 5, 3, 2 ಆದರೂ 10. ತಪ್ಪು ಕಾಣಲ್ಲ. ಝಡ್‌ಎಫ್‌ಎಸ್ ರೂಢಿಯಲ್ಲಿ ಬಳಸೋ ಫ್ಲೆಚರ್4 ವಿಧಾನ, ಕೂಡುತ್ತಾ ಹೋಗುವಾಗ ಸಿಗುವ ಮೊತ್ತಗಳನ್ನೂ ಮತ್ತೆ ಕೂಡುತ್ತೆ. ಮೊದಲ ಸಾಲಿನಲ್ಲಿ 3, 8, 10 ಬರುತ್ತೆ, ಇವುಗಳ ಮೊತ್ತ 21. ಎರಡನೆಯದರಲ್ಲಿ 5, 8, 10, ಮೊತ್ತ 23. ಕ್ರಮ ಬದಲಾದದ್ದು ಗೊತ್ತಾಯಿತು. ಹೀಗೆ ನಾಲ್ಕು ಹಂತ ಮಾಡೋದರಿಂದ ಹೆಸರಿನಲ್ಲಿ 4.

ತಪ್ಪು ಗೊತ್ತಾದ ಮೇಲೆ ಏನಾಗುತ್ತೆ ಅನ್ನೋದು ನಿಮ್ಮ ಹತ್ತಿರ ಇನ್ನೊಂದು ಪ್ರತಿ ಇದೆಯಾ ಅನ್ನೋದರ ಮೇಲೆ ನಿಂತಿದೆ. ಮಿರರ್ ಇದ್ದರೆ ಇನ್ನೊಂದು ಡಿಸ್ಕ್‌ನಿಂದ ಓದಿ, ಚೀಟಿಗೆ ಹೊಂದಿದರೆ ಅದನ್ನೇ ನಿಮಗೆ ಕೊಟ್ಟು, ಕೆಟ್ಟ ಪ್ರತಿಯನ್ನೂ ಸರಿಪಡಿಸುತ್ತೆ. ಇಲ್ಲಿ ಯಾವುದು ನಿಜ ಅಂತ ಊಹೆ ಮಾಡಬೇಕಿಲ್ಲ. ಒಂದೇ ಡಿಸ್ಕ್, ಒಂದೇ ಪ್ರತಿ ಇದ್ದರೆ ಓದಲು ನಿರಾಕರಿಸುತ್ತೆ. ‘ನನ್ನ ಫೈಲ್ ತೆರೆಯೋಕೇ ಬಿಡ್ತಿಲ್ಲ’ ಅಂತ ಕೆಲವರಿಗೆ ಸಿಟ್ಟು ಬರುತ್ತೆ. ನಾನು ನಿರಾಕರಣೆಯ ಪರ. ತಪ್ಪು ಲೆಕ್ಕ ಕೈಗೆ ಬರೋದಕ್ಕಿಂತ ಲೆಕ್ಕ ಸಿಗಲಿಲ್ಲ ಅನ್ನೋದು ಮೇಲು, ಯಾಕಂದರೆ ಆಗ ನಾನು ಬ್ಯಾಕಪ್ ಹುಡುಕ್ತೀನಿ.

ನಂಬಿಕೆ ಬರದಿದ್ದರೆ ನೀವೇ ಮಾಡಿ ನೋಡಿ. ನಿಜವಾದ ಡಿಸ್ಕ್ ಬೇಡ, ಎರಡು ಫೈಲ್ ಸಾಕು. ಅವುಗಳಿಂದ ಮಿರರ್ ಕಟ್ಟಿ, ಡೇಟಾ ತುಂಬಿ, ಒಂದರ ಮೇಲೆ ಕಸ ಸುರಿಯೋಣ. ಆರಂಭದಲ್ಲೂ ಕೊನೆಯಲ್ಲೂ ಸ್ವಲ್ಪ ಜಾಗ ಬಿಟ್ಟಿರೋದು ಆ ಉಬರ್‌ಬ್ಲಾಕ್‌ಗಳನ್ನು ಮುಟ್ಟದಿರಲಿ ಅಂತ.

```
truncate -s 512M /tmp/a.img /tmp/b.img
zpool create lab mirror /tmp/a.img /tmp/b.img
cp -r /usr/share/doc /lab/
zpool export lab
dd if=/dev/urandom of=/tmp/a.img bs=1M seek=8 count=490 conv=notrunc
zpool import -d /tmp lab
zpool scrub -w lab
zpool status -v lab
```

ಕೊನೆಯ ಆಜ್ಞೆಯ ಉತ್ತರದಲ್ಲಿ ಮೂರು ಅಂಕಣ ಇರುತ್ತೆ: `READ`, `WRITE`, `CKSUM`. ಮೊದಲ ಎರಡು, ಡಿಸ್ಕ್ ತಾನೇ ಒಪ್ಪಿಕೊಂಡ ತಪ್ಪುಗಳು. ಮೂರನೆಯದು, ಡಿಸ್ಕ್ ‘ಸರಿ’ ಅಂದಿದ್ದರೂ ಸರಿ ಇರದಿದ್ದದ್ದು. `a.img` ಮುಂದೆ `CKSUM` ಏರಿರುತ್ತೆ, `READ` ಸೊನ್ನೆಯಲ್ಲೇ ಇರುತ್ತೆ. ಫೈಲ್‌ಗಳೆಲ್ಲ ಕ್ಷೇಮ.

ಆ ಸ್ಕ್ರಬ್ ಯಾಕೆ ಬೇಕು? ಚೆಕ್‌ಸಮ್ ನೋಡೋದು ಓದಿದಾಗ ಮಾತ್ರ. ಐದು ವರ್ಷ ತೆರೆಯದ ಫೈಲ್ ಕೆಟ್ಟಿದ್ದರೆ ಯಾರಿಗೂ ಗೊತ್ತಾಗಲ್ಲ. ಮಿರರ್‌ನ ಒಂದು ಡಿಸ್ಕ್ ಸತ್ತ ದಿನವೇ, ಉಳಿದ ಡಿಸ್ಕ್‌ನಲ್ಲಿ ಅದು ಕೆಟ್ಟಿತ್ತು ಅಂತ ತಿಳಿಯುತ್ತೆ. ಸ್ಕ್ರಬ್ ಬಳಕೆಯಲ್ಲಿರುವ ಪ್ರತಿ ಬ್ಲಾಕ್‌ನ ಎಲ್ಲ ನಕಲುಗಳನ್ನೂ ಓದಿ ತಾಳೆ ನೋಡುತ್ತೆ. ತಿಂಗಳಿಗೊಮ್ಮೆ ಸಾಕು.

ಇದೆಲ್ಲ ಅತಿರೇಕದ ಎಚ್ಚರಿಕೆ ಅನ್ನಿಸಿದರೆ ಒಂದು ಅಂಕಿ. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನ, ನೆಟ್‌ಆ್ಯಪ್ ಕಂಪನಿಯ ಸ್ಟೋರೇಜ್‌ಗಳಲ್ಲಿದ್ದ 15.3 ಲಕ್ಷ ಡಿಸ್ಕ್‌ಗಳನ್ನು 41 ತಿಂಗಳ ಅವಧಿಯಲ್ಲಿ ನೋಡಿತು. ಚೆಕ್‌ಸಮ್ ತಾಳೆಯಾಗದ ಪ್ರಕರಣಗಳು 4 ಲಕ್ಷಕ್ಕೂ ಹೆಚ್ಚು ಸಿಕ್ಕವು.

ಹಾಗಂತ ಝಡ್‌ಎಫ್‌ಎಸ್ ಎಲ್ಲವನ್ನೂ ಹಿಡಿಯುತ್ತೆ ಅಂತ ನಾನು ಹೇಳಲ್ಲ. ಚೆಕ್‌ಸಮ್ ಲೆಕ್ಕ ಹಾಕೋದಕ್ಕೆ ಮೊದಲೇ ಡೇಟಾ ತಪ್ಪಾಗಿದ್ದರೆ, ತಪ್ಪಿಗೇ ಸರಿಯಾದ ಚೆಕ್‌ಸಮ್ ಸಿಗುತ್ತೆ. 2023ರ ನವೆಂಬರ್‌ನಲ್ಲಿ ಹೊರಬಿದ್ದ ಓಪನ್‌ಝಡ್‌ಎಫ್‌ಎಸ್ ದೋಷ ಇದೇ ಬಗೆಯದು. ಆಗಷ್ಟೇ ಬರೆದ ಫೈಲನ್ನು ಅಪರೂಪದ ಒಂದು ಕ್ಷಣದಲ್ಲಿ ನಕಲು ಮಾಡಿದರೆ, ಡೇಟಾ ಇರುವ ಭಾಗವನ್ನು ಖಾಲಿ ಅಂತ ಫೈಲ್ ಸಿಸ್ಟಮ್ಮೇ ಹೇಳಿಬಿಡುತ್ತಿತ್ತು. ನಕಲಿನಲ್ಲಿ ಆ ಜಾಗದ ತುಂಬ ಸೊನ್ನೆ. ಆ ಸೊನ್ನೆಗಳನ್ನು ಸ್ಕ್ರಬ್ ತಪ್ಪು ಅನ್ನೋಕೆ ಸಾಧ್ಯವೇ ಇರಲಿಲ್ಲ. 2.2.2 ಮತ್ತು 2.1.14 ಆವೃತ್ತಿಗಳಲ್ಲಿ ಸರಿಪಡಿಸಿದರು.

ರ್‍ಯಾಮ್ ವಿಷಯ ನನ್ನದೇ ಅನುಭವ. ಒಂದು ಸಲ ಸ್ಕ್ರಬ್ ಮುಗಿದಾಗ ಕಂಡದ್ದು ಹೀಗೆ:

```
NAME   STATE    READ WRITE CKSUM
sda    ONLINE      0     0     2
sdb    ONLINE      0     0     2
```

ಕೆಳಗೆ ಒಂದು ಫೈಲ್‌ನ ಹೆಸರು, ತಿದ್ದಲಾಗದ ದೋಷ ಅಂತ. ಡಿಸ್ಕ್ ಹಳೆಯದಾಯ್ತು ಅಂತ ಮೊದಲು ಅನ್ನಿಸಿತು. ಆಮೇಲೆ ಆ ಎರಡು ಅಂಕಿಗಳನ್ನ ನೋಡ್ತಾ ಕೂತೆ. ಬೇರೆ ಬೇರೆ ಎರಡು ಡಿಸ್ಕ್, ಒಂದೇ ಫೈಲ್, ಸರಿಸಮ ತಪ್ಪು. ಇಬ್ಬರು ವಿದ್ಯಾರ್ಥಿಗಳ ಉತ್ತರ ಪತ್ರಿಕೆಯಲ್ಲಿ ಒಂದೇ ತಪ್ಪು ಇದ್ದರೆ ಅದು ಪಾಠದಿಂದಲೇ ಬಂದಿರಬೇಕು. ಚೆಕ್‌ಸಮ್ ಹಾಕಿದ ಮೇಲೆ, ಡಿಸ್ಕ್‌ಗಳಿಗೆ ಕಳಿಸೋ ಮೊದಲು, ಡೇಟಾ ಕೆಟ್ಟಿತ್ತು. ಆ ಸಮಯದಲ್ಲಿ ಅದು ಇದ್ದದ್ದು ರ್‍ಯಾಮ್‌ನಲ್ಲಿ. ರಾತ್ರಿಯಿಡೀ ಮೆಮ್‌ಟೆಸ್ಟ್ ಓಡಿಸಿದೆ, ಬೆಳಿಗ್ಗೆ ಪರದೆಯ ಮೇಲೆ ಕೆಂಪು ಸಾಲುಗಳಿದ್ದವು. ಆ ರ್‍ಯಾಮ್ ತೆಗೆದು, ದೋಷ ತಿದ್ದುವ ಸಾಮರ್ಥ್ಯ ಇರುವ ರ್‍ಯಾಮ್ ಹಾಕೋಕೆ ಬೋರ್ಡ್ ಸಮೇತ ಬದಲಿಸಿದೆ. ಆ ಫೈಲನ್ನು ಬ್ಯಾಕಪ್‌ನಿಂದ ತಂದೆ, `zpool clear` ಕೊಟ್ಟು ಮತ್ತೆ ಸ್ಕ್ರಬ್ ಮಾಡಿದೆ. ಎರಡೂ ಡಿಸ್ಕ್ ಮುಂದೆ ಸೊನ್ನೆ. ನಾನು ಎಸೆಯಲು ಹೊರಟಿದ್ದ ಆ ಎರಡೂ ಡಿಸ್ಕ್ ಇವತ್ತಿಗೂ ಕೆಲಸ ಮಾಡ್ತಿವೆ.